ಕಗ್ಗ ಭತ್ತದ ಪ್ರಸ್ತಾವಕ್ಕೆ ಬಜೆಟ್: ಮೊದಲು ಕುಂಡ ಎಣಿಸಿ, ಆಮೇಲೆ ರೂಪಾಯಿ

ಪ್ರಶ್ನೆ: "ಸರ್, ನಮಸ್ಕಾರ. ನಾನು ಕುಮಟಾದವಳು, ಧಾರವಾಡದಲ್ಲಿ ಬೆಳೆ ಶರೀರಕ್ರಿಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮೊದಲ ವರ್ಷ ಓದ್ತಾ ಇದ್ದೇನೆ. ನಮ್ಮ ಕಡೆಯ ಕಗ್ಗ ಭತ್ತ ಉಪ್ಪನ್ನು ಹೇಗೆ ತಡೆದುಕೊಳ್ಳುತ್ತದೆ ಅಂತ ನೋಡುವ ಪ್ರಸ್ತಾವ ಬರೆಯುತ್ತಿದ್ದೇನೆ. 5 ಲಕ್ಷದ ತನಕ ಅನುದಾನ ಕೇಳಬಹುದಂತೆ. 3 ಲಕ್ಷ ಉಪಕರಣಕ್ಕೆ, ಉಳಿದದ್ದು ಕೆಮಿಕಲ್ ಮತ್ತು ಓಡಾಟಕ್ಕೆ ಅಂತ ಹಾಕಿದ್ದೇನೆ. ವೇಳಾಪಟ್ಟಿಯಲ್ಲಿ ಮೊದಲ 3 ತಿಂಗಳು ಓದು, ಮುಂದಿನ 6 ತಿಂಗಳು ಪ್ರಯೋಗ, ಕೊನೆಯ 3 ತಿಂಗಳು ಬರವಣಿಗೆ. ಗೈಡ್ 'ಇದು ನಿಲ್ಲಲ್ಲ' ಅಂದರು. ಎಲ್ಲಿ ತಪ್ಪಿದೆ?"

ನಿಮ್ಮ ಗೈಡ್ ಹೇಳಿದ್ದು ಸರಿ. ಆದರೆ ತಪ್ಪಿರುವುದು ಮೊತ್ತದಲ್ಲಿ ಅಲ್ಲ, ಲೆಕ್ಕ ಶುರು ಮಾಡಿದ ಜಾಗದಲ್ಲಿ. ನೀವು 5 ಲಕ್ಷದಿಂದ ಕೆಳಗೆ ಇಳಿದು ಬಂದಿದ್ದೀರಿ. ಕುಂಡದಿಂದ ಮೇಲಕ್ಕೆ ಹತ್ತಬೇಕು. ಎಷ್ಟು ಕುಂಡ, ಒಂದೊಂದರಿಂದ ಎಷ್ಟು ಸ್ಯಾಂಪಲ್, ಒಂದು ಸ್ಯಾಂಪಲ್‌ಗೆ ಎಷ್ಟು ಖರ್ಚು, ಇಷ್ಟು ಗೊತ್ತಾದರೆ ಬಜೆಟ್ ತಾನಾಗೇ ಬರುತ್ತದೆ. ಪರಿಶೀಲಕರೂ ಅದನ್ನೇ ನೋಡುತ್ತಾರೆ. ವಿಧಾನದ ಪುಟದಲ್ಲಿ ಬರೆದ ಸಂಖ್ಯೆಗೂ ಬಜೆಟ್ ಪುಟದ ಸಂಖ್ಯೆಗೂ ತಾಳೆ ಆಗದಿದ್ದರೆ ಅಲ್ಲೇ ಪೆನ್ಸಿಲ್ ಗುರುತು ಬೀಳುತ್ತದೆ. ನಾನೂ ಕೆಲವು ವರ್ಷ ಆ ಕೆಲಸ ಮಾಡಿದ್ದೇನೆ, ಮೊದಲು ತೆರೆಯುತ್ತಿದ್ದದ್ದು ಈ ಎರಡು ಪುಟಗಳನ್ನೇ.

ಹಾಗಾಗಿ ನಿಮ್ಮ ಪ್ರಯೋಗವನ್ನೇ ಹಿಡಿದು ಹೋಗೋಣ.

ಉಪ್ಪಿನ ವಿಷಯದಲ್ಲಿ ಭತ್ತಕ್ಕೆ ಎರಡು ನಾಜೂಕಿನ ಹಂತಗಳಿವೆ. ಒಂದು ಎಳೆ ಸಸಿ, ಇನ್ನೊಂದು ಹೊಡೆ ಕಟ್ಟುವಾಗಿನಿಂದ ಹೂ ಬಿಡುವ ತನಕ. ಮೊಳಕೆ ಒಡೆಯುವಾಗ ಅದು ಸಾಕಷ್ಟು ಗಟ್ಟಿ. ಸಸಿಯಲ್ಲಿ ಉಪ್ಪು ತಡೆಯುವ ತಳಿ ಹೂವಿನ ಹಂತದಲ್ಲೂ ತಡೆಯುತ್ತದೆ ಅಂತೇನಿಲ್ಲ, ಇವೆರಡೂ ಬೇರೆ ಬೇರೆ ಗುಣ. ಆದ್ದರಿಂದ ನಿಮ್ಮ ಕೆಲಸವನ್ನು ಎರಡು ಭಾಗ ಮಾಡಿ. ಇದು ವಿಜ್ಞಾನಕ್ಕೂ ಒಳ್ಳೆಯದು, ಕ್ಯಾಲೆಂಡರಿಗೂ ಒಳ್ಳೆಯದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಸಸಿ ಪರೀಕ್ಷೆ ಧಾರವಾಡದಲ್ಲೇ ಫೆಬ್ರವರಿ-ಮಾರ್ಚ್‌ನಲ್ಲಿ ಮುಗಿಯುತ್ತದೆ. ಪೋಷಕ ದ್ರಾವಣದ ಟ್ರೇಯಲ್ಲಿ ಸಸಿ ಬೆಳೆಸಿ, ಎರಡು ವಾರ ಆದ ಮೇಲೆ ಉಪ್ಪು ಕೊಡುತ್ತೀರಿ. ಉಪ್ಪು ಎಷ್ಟಿದೆ ಅಂತ ತೋರಿಸುವ ಇಸಿ, ಅಂದರೆ ದ್ರಾವಣದ ವಿದ್ಯುತ್ ವಾಹಕತೆ, ಮೊದಲ ಮೂರು ದಿನ ಮೀಟರಿಗೆ 6 ಡೆಸಿಸೀಮನ್ಸ್, ಆಮೇಲೆ 12. ಎಲೆ ಸುಡುವುದನ್ನು 1ರಿಂದ 9ರ ಅಂಕದಲ್ಲಿ ಗುರುತಿಸುತ್ತೀರಿ, ಕೊನೆಗೆ ಎಲೆ ಮತ್ತು ಬೇರಿನ ಸೋಡಿಯಂ, ಪೊಟ್ಯಾಸಿಯಂ ಅಳೆಯುತ್ತೀರಿ. ತಳಿಗಳು ಆರು ಸಾಕು: ಬೇರೆ ಬೇರೆ ರೈತರಿಂದ ತಂದ ಮೂರು ಕಗ್ಗ, ಉಪ್ಪು ತಡೆಯುವ ಹೋಲಿಕೆಗೆ ಕೇರಳದ ಪೊಕ್ಕಾಳಿ, ತಡೆಯದ ಹೋಲಿಕೆಗೆ ಐಆರ್-29, ಮತ್ತೆ ಜಯಾ. ಆರು ತಳಿ, ಉಪ್ಪು ಇದ್ದದ್ದು ಇಲ್ಲದ್ದು ಎರಡು, ಪುನರಾವರ್ತನೆ ಮೂರು. 36 ಘಟಕ ಆಯಿತು. ಎಲೆ, ಬೇರು ಬೇರೆ ಬೇರೆ ಅಳೆದರೆ 72 ಸ್ಯಾಂಪಲ್.

ಎರಡನೆಯದು ಕುಂಡದ ಪ್ರಯೋಗ, ಮಳೆಗಾಲದಲ್ಲಿ. ಇಲ್ಲಿ ನಾಲ್ಕು ತಳಿ, ಮೂರು ಉಪ್ಪಿನ ಮಟ್ಟ, ನಾಲ್ಕು ಪುನರಾವರ್ತನೆ ಅಂದರೆ 48 ಕುಂಡ. ಎಲ್ಲರೂ 48 ಅಂತ ಬರೆದು ಮುಂದೆ ಹೋಗುತ್ತಾರೆ. ನಾನು ನನ್ನ ಮೊದಲ ಪ್ರಸ್ತಾವದಲ್ಲಿ ಮಾಡಿದ್ದೂ ಅದನ್ನೇ. ತೆಂಡೆ ಒಡೆಯುವಾಗ ಗಿಡ ಕಿತ್ತು ಒಣ ತೂಕ ನೋಡಿದೆ, ಹೂವಿನ ಹಂತದಲ್ಲಿ ಮತ್ತೆ ಕಿತ್ತೆ, ಕೊಯ್ಲಿನ ಹೊತ್ತಿಗೆ ಇಳುವರಿ ನೋಡಲು ಅರ್ಧಕ್ಕರ್ಧ ಗಿಡವೇ ಇರಲಿಲ್ಲ. ಒಂದು ಹಂಗಾಮು ಪೂರ್ತಿ ಹೋಯಿತು. ಕಿತ್ತ ಗಿಡ ವಾಪಸ್ ಬರುವುದಿಲ್ಲ, ಆದ್ದರಿಂದ ಗಿಡ ಕೀಳುವ ಪ್ರತಿ ಹಂತಕ್ಕೂ ಬೇರೆಯದೇ ಕುಂಡಗಳ ಗುಂಪು ಬೇಕು. ತೆಂಡೆ, ಹೂವು, ಕೊಯ್ಲು ಹೀಗೆ ಮೂರು ಹಂತಕ್ಕೆ 48ರ ಮೂರು ಗುಂಪು, ಒಟ್ಟು 144. ಒಡೆಯುವುದಕ್ಕೆ, ಸಾಯುವುದಕ್ಕೆ ಅಂತ 10 ಜಾಸ್ತಿ. 154 ಕುಂಡ.

ಈಗ ಈ 154 ಎಂಬ ಅಂಕಿ ಏನೇನು ಎಳೆದು ತರುತ್ತದೆ ನೋಡಿ. ಒಂದೊಂದಕ್ಕೆ 12 ಕೆ.ಜಿ. ಮಣ್ಣು ಅಂದರೆ 1,800 ಕೆ.ಜಿ.ಗೂ ಮೇಲೆ. ಅದು ಟ್ರ್ಯಾಕ್ಟರ್ ಬಾಡಿಗೆ, ಜರಡಿ ಹಿಡಿಯುವ ಆಳು. ಮಣ್ಣು ಎಲ್ಲಿಯದು ಅನ್ನುವುದೂ ಮುಖ್ಯ. ಮಾಣಿಕಟ್ಟಾ ಕಡೆ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ ಮಣ್ಣನ್ನೇ ತರೋಣ, ಅದೇ ನಿಜವಾದ ಮಣ್ಣು ಅಂತ ನಿಮಗೆ ಅನ್ನಿಸಬಹುದು. ಏಪ್ರಿಲ್-ಮೇನಲ್ಲಿ ಆ ಮಣ್ಣಲ್ಲಿ ಸಮುದ್ರದ ಉಪ್ಪು ತುಂಬಿರುತ್ತದೆ, ಮಳೆ ಬಂದು ತೊಳೆದ ಮೇಲೇ ಅಲ್ಲಿ ಬಿತ್ತನೆ ಅಲ್ವಾ. ಆ ಮಣ್ಣು ತುಂಬಿದರೆ ನಿಮ್ಮ "ಉಪ್ಪಿಲ್ಲದ" ಕುಂಡದಲ್ಲೂ ಉಪ್ಪಿರುತ್ತದೆ, ಹೋಲಿಕೆಗೆ ಏನೂ ಉಳಿಯುವುದಿಲ್ಲ. ಉಪ್ಪು ತಾಗದ ಮೇಲಿನ ಗದ್ದೆಯ ಮಣ್ಣು ತನ್ನಿ, ತುಂಬುವ ಮೊದಲು ಇಸಿ ನೋಡಿ, ಆ ಅಂಕಿ ಬರೆದಿಡಿ.

ಇನ್ನು ನಿಮ್ಮ ಬಜೆಟ್ಟಿನಲ್ಲಿ ಒಂದು ಸಾಲೂ ಇಲ್ಲದ, ಆದರೆ ಇಲ್ಲದಿದ್ದರೆ ಪ್ರಯೋಗವೇ ಇಲ್ಲದ ವಸ್ತು: ಮಳೆ ತಡೆಯುವ ಚಪ್ಪರ. ಕುಮಟಾದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ನೀವು ಬೆಳಿಗ್ಗೆ ಇಸಿ 8 ಮಾಡಿ ಇಟ್ಟ ಕುಂಡ ಜುಲೈಯ ಒಂದು ರಾತ್ರಿ ಮಳೆಗೆ ತುಂಬಿ ಹರಿದು, ಮಾರನೇ ದಿನ 2 ತೋರಿಸುತ್ತದೆ. ಧಾರವಾಡದಲ್ಲಿ ಕುಳಿತು ಬರೆಯುವಾಗ ಇದು ಹೊಳೆಯುವುದಿಲ್ಲ. 144 ಕುಂಡಕ್ಕೆ ಓಡಾಡುವ ದಾರಿ ಸೇರಿ ಸುಮಾರು 50 ಚದರ ಮೀಟರ್ ಬೇಕು. ಅಡಿಕೆ ಮರದ ಕಂಬ, ದಬ್ಬೆ, ಮೇಲೆ ಬಿಸಿಲಿಗೆ ಹಾಳಾಗದ ಗುಣದ ಪಾರದರ್ಶಕ ಹಾಳೆ, ನಾಲ್ಕೂ ಕಡೆ ತೆರೆದಿರಲಿ. ಗಾಳಿಗೆ ಹಾಳೆ ಹಾರದಂತೆ ಮೇಲಿಂದಲೂ ದಬ್ಬೆ ಕಟ್ಟಿಸಿ. ಹಾಳೆಯ ಅಡಿ ಬೆಳಕು ಕಡಿಮೆ ಆಗುತ್ತದೆ. ಒಳಗೂ ಹೊರಗೂ ಬೆಳಕು ಅಳೆದು ವ್ಯತ್ಯಾಸ ಎಷ್ಟು ಅಂತ ಪ್ರಬಂಧದಲ್ಲಿ ಹೇಳಿ.

ಚಪ್ಪರಕ್ಕೆ 30,000, ಕುಂಡ ಒಂದಕ್ಕೆ 120ರಂತೆ 18,480, ಮಣ್ಣಿನ ಕೆಲಸಕ್ಕೆ 6,000 ಅಂತ ಸದ್ಯಕ್ಕೆ ಇಟ್ಟುಕೊಳ್ಳೋಣ. ಇಲ್ಲಿ ನಾನು ಹೇಳುವ ದರಗಳೆಲ್ಲ ಲೆಕ್ಕ ತೋರಿಸಲಿಕ್ಕೆ ಮಾತ್ರ. ನೀವು ಮೂರು ಅಂಗಡಿಯ ಕೊಟೇಶನ್ ತಂದು ನಿಜವಾದ ದರ ಹಾಕಿ. ಕೊಟೇಶನ್ನಿನಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅಂತ ಕೇಳಿ. ಆ ತೆರಿಗೆ ಬಿಟ್ಟು ಬರೆದರೆ ಕೊನೆಗೆ ಆ ಹಣ ಕೆಮಿಕಲ್ ಸಾಲಿನಿಂದಲೇ ಹೋಗುತ್ತದೆ.

ಈಗ ಪರೀಕ್ಷೆಯ ಖರ್ಚು. ಕುಂಡದ ಪ್ರಯೋಗದಲ್ಲಿ ಎರಡು ಹಂತದಲ್ಲಿ, 48 ಕುಂಡದಿಂದ, ಎಲೆ ಮತ್ತು ಕಾಂಡ ಅಂತ ಎರಡು ಭಾಗ ತೆಗೆದರೆ 192. ಸಸಿಯ 72 ಸೇರಿಸಿ, 264. ಹತ್ತರಲ್ಲಿ ಒಂದನ್ನು ಮತ್ತೊಮ್ಮೆ ಅಳೆದು ತಾಳೆ ನೋಡಬೇಕು, ಹಾಗಾಗಿ ಸುಮಾರು 290. ಒಂದಕ್ಕೆ 200 ರೂಪಾಯಿ ಹಿಡಿದರೆ 58,000. ನಿಮ್ಮ ಕರಡಿನಲ್ಲಿ "ಕೆಮಿಕಲ್ ಮತ್ತು ಇತರೆ" ಅಂತ ಒಂದೇ ಇಡಿಗಂಟು ಇದೆ. ಅದನ್ನು ಒಡೆದು, ಪಕ್ಕದಲ್ಲಿ ಒಂದು ವಾಕ್ಯ ಬರೆಯಿರಿ: "264 ಸ್ಯಾಂಪಲ್, ಶೇ. 10 ಮರುಪರೀಕ್ಷೆ, ಸೋಡಿಯಂ ಮತ್ತು ಪೊಟ್ಯಾಸಿಯಂ, ಫ್ಲೇಮ್ ಫೋಟೋಮೀಟರಿನಲ್ಲಿ." ಇಷ್ಟು ಇದ್ದರೆ ಯಾರೂ ಆ ಸಾಲು ಕತ್ತರಿಸಲು ಕೈ ಹಾಕುವುದಿಲ್ಲ, ಕತ್ತರಿಸಿದರೆ ಯಾವ ಸ್ಯಾಂಪಲ್ ಬಿಡಬೇಕು ಅಂತ ಅವರೇ ಹೇಳಬೇಕಾಗುತ್ತದೆ. ಉಪ್ಪು, ಪೋಷಕ ಲವಣ, ಗೊಬ್ಬರ, ಡಿಸ್ಟಿಲ್ಡ್ ವಾಟರ್‌ಗೆ ಬೇರೆ 15,000. ನೀರಿನ ಖರ್ಚನ್ನು ಸಣ್ಣದು ಅಂತ ಬಿಡಬೇಡಿ. ಸೋಡಿಯಂ ಅಳೆಯುವಾಗ ಎಲೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲೇ ಬೇಗ ತೊಳೆಯಬೇಕು, ಗಾಜಿನ ಸಾಮಾನನ್ನೂ ಅದರಲ್ಲೇ. ನಲ್ಲಿ ನೀರು ಅಥವಾ ಬೆವರಿದ ಕೈ ತಾಗಿದರೂ ಅಂಕಿ ಏರುತ್ತದೆ. ಏರಿದೆಯೋ ಅಂತ ತಿಳಿಯಲು ಎಲೆಯೇ ಹಾಕದ ಖಾಲಿ ದ್ರಾವಣವನ್ನು ಪ್ರತಿ ಸುತ್ತಿನಲ್ಲೂ ಓಡಿಸಿ. ಅದರಲ್ಲಿ ಸೋಡಿಯಂ ಕಂಡರೆ ಆ ಸುತ್ತು ಪೂರ್ತಿ ಮತ್ತೆ ಮಾಡಬೇಕು.

ಉಪ್ಪಿನ ಬಗ್ಗೆ ಒಂದು ಮಾತು. ಪಕ್ಕದಲ್ಲೇ ಸಾಣಿಕಟ್ಟಾ ಉಪ್ಪು ಸಿಗುತ್ತದೆ, ಅಗ್ಗ. ಆದರೆ ಆಗರದ ಉಪ್ಪಿನಲ್ಲಿ ಮೆಗ್ನೀಸಿಯಂ ಮೊದಲಾದವೂ ಇರುತ್ತವೆ. ಬೇರೆಯವರ ಫಲಿತಾಂಶದ ಜೊತೆ ಹೋಲಿಸಬೇಕಾದರೆ ಲ್ಯಾಬಿನ ಶುದ್ಧ ಸೋಡಿಯಂ ಕ್ಲೋರೈಡ್ ಬಳಸಿ. ಅಘನಾಶಿನಿಯ ನೀರಿನಂಥ ಪರಿಸ್ಥಿತಿಯೇ ಬೇಕು ಅಂದರೆ ಸಮುದ್ರದ ನೀರನ್ನೇ ತೆಳು ಮಾಡಿ. ಎರಡರಲ್ಲಿ ಒಂದು ಆರಿಸಿ, ಯಾಕೆ ಅಂತ ಬರೆಯಿರಿ.

ಈಗ ಆ 3 ಲಕ್ಷದ ಉಪಕರಣ. ದ್ಯುತಿಸಂಶ್ಲೇಷಣೆ ಅಳೆಯುವ ಯಂತ್ರ ಕೊಳ್ಳಬೇಕು ಅಂತ ಬರೆದಿದ್ದೀರಿ. ಒಳ್ಳೆಯ ಯಂತ್ರ ಆ ಹಣಕ್ಕೆ ಬರುವುದಿಲ್ಲ, ಹತ್ತಾರು ಲಕ್ಷ ಆಗುತ್ತದೆ. ಬಂದರೂ ನಿಮಗೆ ಬೇಕಿರುವುದು ಆರೇ ದಿನ. ಲೆಕ್ಕ ಹಾಕಿ: ಒಂದು ಎಲೆಯನ್ನು ಯಂತ್ರಕ್ಕೆ ಕಚ್ಚಿಸಿ ಅಂಕಿ ನಿಲ್ಲುವ ತನಕ ಕಾಯಲು 5ರಿಂದ 10 ನಿಮಿಷ ಬೇಕು. ಬೆಳಿಗ್ಗೆ 9ರಿಂದ 11:30ರ ಒಳಗೆ ಮುಗಿಸಬೇಕು, ಆಮೇಲೆ ಎಲೆಯ ರಂಧ್ರಗಳು ಮುಚ್ಚಿಕೊಳ್ಳಲು ಶುರು ಮಾಡುತ್ತವೆ. ಅಂದರೆ ಒಂದು ಬೆಳಿಗ್ಗೆ 16ರಿಂದ 20 ಎಲೆ. 48 ಕುಂಡಕ್ಕೆ ಮೂರು ದಿನ, ಎರಡು ಹಂತಕ್ಕೆ ಆರು. ವಿಭಾಗದ ಯಂತ್ರವನ್ನೇ ಆರು ದಿನಕ್ಕೆ ಕೇಳಿ, ಸಾಗಣೆಗೆ ಮತ್ತು ಬಾಡಿಗೆಗೆ ದಿನಕ್ಕೆ 3,000ದಂತೆ 18,000 ಇಡಿ, ಕೊಡುತ್ತೇವೆ ಅಂತ ಆ ಲ್ಯಾಬಿನವರು ಬರೆದುಕೊಟ್ಟ ಪತ್ರ ಲಗತ್ತಿಸಿ. ಮೋಡದ ದಿನವಾದರೂ ಯಂತ್ರದ ಸ್ವಂತ ದೀಪದಲ್ಲಿ ಬೆಳಕು ಸಮ ಇಟ್ಟುಕೊಳ್ಳಬಹುದು. ಆದರೆ ಎಲೆ ಒದ್ದೆ ಇದ್ದರೆ ಅಳತೆ ಕೆಡುತ್ತದೆ, ಚಪ್ಪರ ಬೇಕು ಅನ್ನುವುದಕ್ಕೆ ಇದು ಎರಡನೇ ಕಾರಣ.

ನಿಮಗೆ ನಿಜವಾಗಿ ಕೊಳ್ಳಬೇಕಾದದ್ದು ಎರಡೇ ವಸ್ತು. ಕೈಯಲ್ಲಿ ಹಿಡಿಯುವ ಇಸಿ ಮೀಟರ್, 12,000. ದಿನಾ ಬೇಕು, ಯಾರಿಂದಲೂ ಎರವಲು ತರಲಾಗುವುದಿಲ್ಲ. ಇನ್ನೊಂದು ಸಣ್ಣ ಓವನ್, 25,000. ಧಾರವಾಡದಲ್ಲಿ ಓವನ್ ಇದೆಯಲ್ಲ ಅನ್ನುತ್ತಾರೆ. ಕುಮಟಾದಲ್ಲಿ ಜುಲೈಯಲ್ಲಿ ಕಿತ್ತ ಗಿಡವನ್ನು ಕವರಿಗೆ ಹಾಕಿ ಬಸ್ಸಿನಲ್ಲಿ ಧಾರವಾಡಕ್ಕೆ ಒಯ್ದರೆ, ದಾರಿಯಲ್ಲಿ ಗಿಡ ಉಸಿರಾಡುತ್ತಾ ತೂಕ ಕಳೆದುಕೊಳ್ಳುತ್ತದೆ, ಒಂದೆರಡು ದಿನ ತಡವಾದರೆ ಬೂಸ್ಟು ಹಿಡಿಯುತ್ತದೆ. ಕಿತ್ತ ದಿನವೇ 70 ಡಿಗ್ರಿಯಲ್ಲಿ ಇಡಬೇಕು, ತೂಕ ನಿಲ್ಲುವ ತನಕ, ಸುಮಾರು ಎರಡು ಮೂರು ದಿನ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ದಿನ ಎಣಿಸಬೇಡಿ, ತೂಕ ನೋಡಿ: ನಾಲ್ಕು ಗಂಟೆ ಬಿಟ್ಟು ತೂಗಿದ ಎರಡು ತೂಕ ಒಂದೇ ಬಂದರೆ ಒಣಗಿದೆ ಅಂತ. ಒಣಗಿದ್ದನ್ನು ಗಾಳಿಗೆ ಬಿಟ್ಟರೆ ಮತ್ತೆ ತೇವ ಎಳೆದುಕೊಳ್ಳುತ್ತದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಉಳಿದದ್ದು ಬೇಗ ಮುಗಿಯುತ್ತದೆ. ನೀವು ಕಾಲೇಜಿನಲ್ಲಿರುವಾಗ ಕುಂಡಕ್ಕೆ ನೀರು ಹಾಕಿ ಇಸಿ ಬರೆಯಲು ಊರಿನ ಒಬ್ಬರು ಬೇಕು. ಐದು ತಿಂಗಳು, ತಿಂಗಳಿಗೆ 10 ಆಳು ದಿನ, 500ರಂತೆ 25,000. ಧಾರವಾಡ-ಕುಮಟಾ 12 ಸಲ ಹೋಗಿಬರಲು, ಸ್ಯಾಂಪಲ್ ಸಾಗಿಸುವುದೂ ಸೇರಿ, 1,200ರಂತೆ 14,400. ಪ್ರಿಂಟು, ಸಣ್ಣಪುಟ್ಟದ್ದು 15,000. ಎಲ್ಲ ಕೂಡಿದರೆ 2,36,880. ಸಂಸ್ಥೆಯ ಓವರ್‌ಹೆಡ್ ಕೇಳಲು ಅನುಮತಿ ಇದ್ದರೆ ಅದನ್ನು ಇದರ ಮೇಲೆ ಹಾಕಿ. 5 ಲಕ್ಷ ಅನ್ನುವುದು ಮಿತಿ, ಅಷ್ಟೂ ತುಂಬಿಸಲೇಬೇಕು ಅಂತಿಲ್ಲ. ಈ 2.37 ಲಕ್ಷದ ಪ್ರತಿ ರೂಪಾಯಿಗೂ ನಿಮ್ಮ ಹತ್ತಿರ ಉತ್ತರ ಇದೆ, ಆ 5 ಲಕ್ಷಕ್ಕೆ ಇರಲಿಲ್ಲ.

ವೇಳಾಪಟ್ಟಿಗೆ ಬರೋಣ. "ಮೊದಲ ಮೂರು ತಿಂಗಳು" ಅನ್ನುವ ಮಾತನ್ನೇ ತೆಗೆಯಿರಿ. ಯಾವಾಗಿನಿಂದ ಮೊದಲು? ಮಂಜೂರಾತಿ ಜನವರಿಯಲ್ಲಿ ಬಂದರೆ ನಿಮ್ಮ ಪ್ರಯೋಗ ಏಪ್ರಿಲ್‌ಗೆ ಬೀಳುತ್ತದೆ. ಜುಲೈಯಲ್ಲಿ ಬಂದರೆ ಅಕ್ಟೋಬರಿಗೆ ಬೀಳುತ್ತದೆ, ಆಗ ಗಜನಿಯಲ್ಲಿ ಕೊಯ್ಲು. ತಿಂಗಳ ಹೆಸರು ಬರೆಯಿರಿ, ಬಿತ್ತನೆಯ ದಿನದಿಂದ ಹಿಂದಕ್ಕೆ ಎಣಿಸಿ. ಜೂನ್ 10ಕ್ಕೆ ಬಿತ್ತನೆ ಅಂದರೆ ಮೇ 25ಕ್ಕೆ ಕುಂಡ ತುಂಬಿರಬೇಕು, ಮೇ 20ಕ್ಕೆ ಚಪ್ಪರ ನಿಂತಿರಬೇಕು, ಮಣ್ಣು ಏಪ್ರಿಲ್‌ನಲ್ಲೇ ಒಣಗಿದ್ದಾಗ ತಂದಿರಬೇಕು. ಮಳೆ ಬಿದ್ದ ಮೇಲೆ ಮಣ್ಣು ಜರಡಿ ಹಿಡಿಯಲು ಆಗುವುದಿಲ್ಲ.

ಕುಂಡದ ಪ್ರಯೋಗವನ್ನು ಬೇಸಿಗೆಯಲ್ಲೇ ಮಾಡಿದರೆ ಮಳೆಯ ಕಾಟ ಇಲ್ಲವಲ್ಲ ಅಂತ ಕೇಳಬಹುದು. ಮಳೆಗಾಲದ ಹಳೆಯ ನಾಟಿ ತಳಿಗಳಲ್ಲಿ ಹಲವು ಹಗಲು ಚಿಕ್ಕದಾಗುವುದನ್ನು ನೋಡಿ ಹೂ ಬಿಡುತ್ತವೆ. ಜನವರಿಯಲ್ಲಿ ಬಿತ್ತಿದರೆ ಹಗಲು ದಿನೇ ದಿನೇ ಉದ್ದ ಆಗುತ್ತಾ ಹೋಗುತ್ತದೆ, ಹೂ ಯಾವಾಗ ಬರುತ್ತದೆ ಅಂತ ನಂಬುವಂತಿಲ್ಲ. ಅದಕ್ಕೇ ನಾನು ಎರಡು ಭಾಗ ಮಾಡಿ ಅಂದದ್ದು. ಸಸಿ ಪರೀಕ್ಷೆಗೆ ಹೂವು ಬೇಡ, ಅದು ಬೇಸಿಗೆಗೆ. ಹೂವಿನ ಹಂತ ಮಳೆಗಾಲಕ್ಕೆ. ಎಂ.ಎಸ್ಸಿ.ಯ ಎರಡು ವರ್ಷದಲ್ಲಿ ನಿಮಗೆ ಸಿಗುವುದು ಒಂದೇ ಮಳೆಗಾಲ ಅಂತ ನೆನಪಿಡಿ.

ಹೂವಿನ ಹಂತವನ್ನು ಚಾರ್ಟಿನಲ್ಲಿ ಒಂದು ದಿನವಾಗಿ ತೋರಿಸಬೇಡಿ. ನಾಲ್ಕು ತಳಿ ನಾಲ್ಕು ಹೊತ್ತಿಗೆ ಹೊಡೆ ಕಟ್ಟುತ್ತವೆ. ಉಪ್ಪನ್ನು ಒಂದೇ ತಾರೀಖಿಗೆ ಎಲ್ಲಕ್ಕೂ ಕೊಟ್ಟರೆ ಬೇಗ ಬರುವ ತಳಿ ನಾಜೂಕಿನ ಹಂತ ದಾಟಿರುತ್ತದೆ, ಅದು ಉಪ್ಪು ತಡೆದಂತೆ ಕಾಣುತ್ತದೆ, ನಿಜವಾಗಿ ತಪ್ಪಿಸಿಕೊಂಡಿರುತ್ತದೆ ಅಷ್ಟೇ. ಆದ್ದರಿಂದ ಪ್ರತಿ ತಳಿಗೂ ಅದರ ಹೊಡೆಯ ಹಂತ ನೋಡಿ ಉಪ್ಪು ಕೊಡಬೇಕು, ಸ್ಯಾಂಪಲ್ ತೆಗೆಯುವುದೂ ಹಾಗೇ. ಈ ಕೆಲಸಕ್ಕೆ ಚಾರ್ಟಿನಲ್ಲಿ ಮೂರು ನಾಲ್ಕು ವಾರದ ಉದ್ದ ಪಟ್ಟಿ ಬೇಕು, ಮತ್ತು ಆ ವಾರಗಳಲ್ಲಿ ನಿಮಗೆ ಕ್ಲಾಸು ಪರೀಕ್ಷೆ ಇದೆಯಾ ಅಂತ ಈಗಲೇ ನೋಡಿ.

ಕೊಯ್ಲಾದ ಮೇಲೆ ಲ್ಯಾಬ್ ಕೆಲಸಕ್ಕೆ "ಎರಡು ವಾರ" ಅಂತ ಬರೆಯಬೇಡಿ. ದಿನಕ್ಕೆ 24 ಸ್ಯಾಂಪಲ್ ಕರಗಿಸಿ ಅಳೆದರೆ ಈ ಭಾಗದ ಸುಮಾರು 210ಕ್ಕೆ ಒಂಬತ್ತು ದಿನ ಸಾಕು ಅಂತ ಕಾಗದ ಹೇಳುತ್ತದೆ. ಆದರೆ ಮೊದಲು ಅರೆಯಬೇಕು, ತೂಗಬೇಕು, ಯಂತ್ರಕ್ಕೆ ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ. ನವೆಂಬರ್ ಮತ್ತು ಡಿಸೆಂಬರ್ ಅರ್ಧ ಬಿಟ್ಟುಕೊಡಿ.

ಕೊನೆಯದಾಗಿ, ಹಣ ಬರುವ ದಿನ ಮತ್ತು ಮಾರ್ಚ್ 31. ಅನುದಾನ ಸಾಮಾನ್ಯವಾಗಿ ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಖರ್ಚಾಗಿ, ಲೆಕ್ಕಪತ್ರ ಮತ್ತು ಬಳಕೆ ಪ್ರಮಾಣಪತ್ರ ಹೋದ ಮೇಲೇ ಎರಡನೆಯದು. ಮಾರ್ಚ್ ಕೊನೆಗೆ ಲೆಕ್ಕ ಮುಚ್ಚಿ ಏಪ್ರಿಲ್-ಮೇನಲ್ಲಿ ಕಾಗದ ಓಡಾಡಿ ಎರಡನೇ ಕಂತು ಕೈಗೆ ಬರುವಾಗ ಆಗಸ್ಟ್ ಆದರೂ ಆಶ್ಚರ್ಯವಿಲ್ಲ. ನನ್ನ ಒಂದು ಯೋಜನೆಗೆ ಸೆಪ್ಟೆಂಬರಿನಲ್ಲಿ ಬಂತು, ಆ ವರ್ಷದ ಬಿತ್ತನೆ ನಾವು ಮಾಡಲೇ ಇಲ್ಲ. ನೀವು ಹೀಗೆ ಮಾಡಿ: ಜೂನ್‌ನಲ್ಲಿ ಬೇಕಾಗುವ ಚಪ್ಪರದ ಸಾಮಾನು, ಕುಂಡ, ಓವನ್, ಇಸಿ ಮೀಟರ್ ಎಲ್ಲವನ್ನೂ ಮೊದಲ ವರ್ಷದ ಪಟ್ಟಿಗೆ ಹಾಕಿ, ಸಸಿ ಪರೀಕ್ಷೆಯ ಖರ್ಚಿನ ಜೊತೆಗೆ. ಮಾರ್ಚ್ ಒಳಗೆ ಕೊಂಡು ಇಟ್ಟುಬಿಡಿ. ಎರಡನೇ ಪಟ್ಟಿಯಲ್ಲಿ ತಡವಾದರೂ ನಡೆಯುವ ಖರ್ಚು ಇರಲಿ: ಮಳೆಗಾಲದ ಸ್ಯಾಂಪಲ್‌ಗಳ ಪರೀಕ್ಷೆ, ಯಂತ್ರದ ಬಾಡಿಗೆ, ಪ್ರಿಂಟು. ಏಪ್ರಿಲ್‌ನಿಂದ ಆಗಸ್ಟ್ ತನಕದ ಮಣ್ಣಿನ ಕೆಲಸ, ಆಳಿನ ಕೂಲಿ, ಬಸ್ ಖರ್ಚು ನಡುವೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಉಳಿದ ಹಣ ಮುಂದಿನ ವರ್ಷಕ್ಕೆ ಒಯ್ಯಲು ಅನುಮತಿ ಸಿಗುತ್ತದೆಯಾ, ಇಲ್ಲದಿದ್ದರೆ ಸಂಸ್ಥೆ ಮುಂಗಡ ಕೊಡುತ್ತದೆಯಾ ಅಂತ ಅಕೌಂಟ್ಸ್ ವಿಭಾಗದಲ್ಲಿ ಈಗಲೇ ಕೇಳಿ. ಉಪಕರಣದ ತಲೆಬರಹದ ಹಣವನ್ನು ಕೂಲಿಗೆ ಬಳಸಲು ಬಿಡುವುದಿಲ್ಲ, ಆದ್ದರಿಂದ ಯಾವುದು ಯಾವ ತಲೆಬರಹಕ್ಕೆ ಅಂತ ಮೊದಲೇ ಸರಿಯಾಗಿ ಹಾಕಿ.

ಜೊತೆಗೆ ಚಾರ್ಟಿನ ಕೆಳಗೆ ಒಂದು ಸಾಲು ಸೇರಿಸಿ: "ಏಪ್ರಿಲ್ 30ರ ಒಳಗೆ ಹಣ ಬರದಿದ್ದರೆ ಕುಂಡದ ಪ್ರಯೋಗವನ್ನು ಎರಡು ತಳಿ, ಎರಡು ಉಪ್ಪಿನ ಮಟ್ಟಕ್ಕೆ ಇಳಿಸಲಾಗುವುದು." ಎರಡು ತಳಿ, ಎರಡು ಮಟ್ಟ, ನಾಲ್ಕು ಪುನರಾವರ್ತನೆ, ಮೂರು ಗುಂಪು, ಒಟ್ಟು 48 ಕುಂಡ. ಅಷ್ಟನ್ನು ವಿಭಾಗದ ಹಳೆಯ ಕುಂಡಗಳಲ್ಲೇ, ಮನೆಯ ಹಿಂದಿನ ಸಣ್ಣ ಚಪ್ಪರದಲ್ಲೇ ಮಾಡಬಹುದು, ಪ್ರಬಂಧ ನಿಲ್ಲುವುದಿಲ್ಲ.

ಇನ್ನು ಬೀಜ. ಇದಕ್ಕೆ ಯಾವ ಮಂಜೂರಾತಿಗೂ ಕಾಯಬೇಡಿ. ಕಗ್ಗ ಬೆಳೆಯುವವರು ಈಗ ಕಡಿಮೆ, ಕೊಯ್ಲು ಮುಗಿದು ಸ್ವಲ್ಪ ದಿನಕ್ಕೆ ಅದು ಅಕ್ಕಿ ಆಗಿಬಿಡುತ್ತದೆ. ಈ ನವೆಂಬರಿನಲ್ಲೇ ಮಾಣಿಕಟ್ಟಾ ಕಡೆ ಹೋಗಿ ಮೂರು ಮನೆಯಿಂದ ಎರಡೆರಡು ಕೆ.ಜಿ. ತನ್ನಿ, ಯಾವ ಗದ್ದೆಯದ್ದು ಅಂತ ಚೀಟಿ ಹಾಕಿ, ಬೆರಕೆ ಕಾಳು ಆರಿಸಿ ತೆಗೆದು ಚೆನ್ನಾಗಿ ಒಣಗಿಸಿಡಿ. ಜನವರಿಯಲ್ಲಿ ನೂರು ಕಾಳು ಒದ್ದೆ ಬಟ್ಟೆಯಲ್ಲಿಟ್ಟು ನೋಡಿ, 80ಕ್ಕಿಂತ ಕಡಿಮೆ ಮೊಳೆತರೆ ಇನ್ನೊಂದು ಮನೆ ಹುಡುಕಲು ಆಗಲೂ ಸಮಯ ಇರುತ್ತದೆ.